ಫೀ ಕಟ್ಟುವ ಮೊದಲು ಕ್ಯಾಂಪಸ್, ಹಾಸ್ಟೆಲ್ ಎಲ್ಲಿವೆ ಎಂದು ಕೇಳಿ ಕಾಲೇಜಿನ ರಿಜಿಸ್ಟ್ರಾರ್‌ಗೆ ಒಂದು ಪತ್ರ ಕೊಡಿ, ನಾವು ಕೊಡದೆ ಕೆಟ್ಟೆವು

ನಾವು ಚಳ್ಳಕೆರೆಯವರು. ಕಳೆದ ವರ್ಷ ಮಗಳನ್ನು ಬಿಸಿಎಗೆ ದಾವಣಗೆರೆಯಲ್ಲಿ ಸೇರಿಸಿದೆವು. ದಾವಣಗೆರೆಯಲ್ಲಿ ಅಂತ ಹೇಳುತ್ತಿದ್ದೇನೆ, ಆದರೆ ಅವಳು ಓದುತ್ತಿರುವುದು ದಾವಣಗೆರೆಯಲ್ಲಿ ಅಲ್ಲ. ಅದು ನಮಗೆ ಗೊತ್ತಾಗಿದ್ದು ಕ್ಲಾಸ್ ಶುರುವಾಗುವ ದಿನ. ಕಾಲೇಜಿನ ಹೆಸರು ಬರೆಯುವುದಿಲ್ಲ, ಮಗಳು ಇನ್ನೂ ಅಲ್ಲೇ ಓದುತ್ತಿದ್ದಾಳೆ.

ಪ್ರಾಸ್ಪೆಕ್ಟಸ್ ಮೇಲೆ ಪಿ.ಬಿ. ರಸ್ತೆಯ ವಿಳಾಸ ಇತ್ತು. ಪಿನ್ 577002. ನಾವು ಹೋಗಿದ್ದೂ ಅಲ್ಲಿಗೇ. ಮೂರನೇ ಮಹಡಿಯಲ್ಲಿ ಆಫೀಸು, ಗೋಡೆ ತುಂಬ ಕಟ್ಟಡದ ಫೋಟೋಗಳು. ಹೆಂಡತಿಯ ತಂಗಿ ವಿದ್ಯಾನಗರದಲ್ಲಿದ್ದಾಳೆ. ಭಾನುವಾರ ಊಟಕ್ಕಾದರೂ ಚಿಕ್ಕಮ್ಮನ ಮನೆ ಇದೆಯಲ್ಲ ಎಂಬ ಧೈರ್ಯದಲ್ಲೇ ಹಾಸ್ಟೆಲ್‌ಗೆ ಒಪ್ಪಿದ್ದು. ಹೋಗುವ ಮೊದಲು ನಾನು ಫೋನ್ ಮಾಡಿ ಕೇಳಿಯೂ ಇದ್ದೆ. "ಹಾಸ್ಟೆಲ್ ಕ್ಯಾಂಪಸ್ ಒಳಗೇ ಇದೆಯಾ ಸಾರ್?" "ಇದೆ ಸಾರ್, ಬನ್ನಿ." ಅಷ್ಟಕ್ಕೇ ಸಮಾಧಾನ ಮಾಡಿಕೊಂಡೆ. ಫೀ ಕಟ್ಟಿದೆವು. ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿ, ಟಿಸಿ ಎಲ್ಲ ಒರಿಜಿನಲ್ ಇಸಿದುಕೊಂಡರು.

ಕಾಲೇಜು ಇರುವುದು ಹೆದ್ದಾರಿಯಲ್ಲಿ ಚಿತ್ರದುರ್ಗದ ಕಡೆಗೆ, ಆನಗೋಡು ದಾಟಿ, ಸರ್ವಿಸ್ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ. ಕ್ಯಾಂಪಸ್‌ನಲ್ಲಿ ಹಾಸ್ಟೆಲ್ ಇದೆ, ಸುಳ್ಳಲ್ಲ. ಆದರೆ ಅದು ಹುಡುಗರದ್ದು. ಹೆಣ್ಣುಮಕ್ಕಳದ್ದು ದಾವಣಗೆರೆ ಪೇಟೆಯೊಳಗೆ, ಒಂದು ಬೇಕರಿಯ ಮೇಲಿನ ಬಾಡಿಗೆ ಮಹಡಿ. ಮಧ್ಯೆ ಇಪ್ಪತ್ತು ಕಿಲೋಮೀಟರಿಗೂ ಜಾಸ್ತಿ. ಕಾಲೇಜ್ ಬಸ್ ಬೆಳಗ್ಗೆ ಏಳೂ ಕಾಲಿಗೆ ಹೊರಡುತ್ತದೆ, ಸಂಜೆ ಆರೂವರೆಗೆ ವಾಪಸ್. ಬಸ್ಸಿಗೆ ಬೇರೆ ಹದಿನೆಂಟು ಸಾವಿರ. ಬಸ್ ತಪ್ಪಿದರೆ ಹೆದ್ದಾರಿಯಲ್ಲಿ ಇಳಿದು ಒಬ್ಬಳೇ ಮೂರು ಕಿಲೋಮೀಟರ್ ನಡೆಯಬೇಕು. ಮೊದಲ ತಿಂಗಳಲ್ಲಿ ಎರಡು ಸಲ ಹಾಗೆ ನಡೆದಿದ್ದಾಳೆ, ನಮಗೆ ಹೇಳಿದ್ದು ದಸರಾ ರಜೆಗೆ ಬಂದಾಗ. ಕೇಳಿ ಅವತ್ತು ಅವಳ ಅಮ್ಮ ಊಟ ಮಾಡಲಿಲ್ಲ.

ಬಿಡಿಸಿ ಬೇರೆ ಕಡೆ ಸೇರಿಸೋಣ ಅಂತ ಮೊದಲ ವಾರದಲ್ಲೇ ಅನಿಸಿತ್ತು. ಆದರೆ ಅಂಕಪಟ್ಟಿಗಳು ಅವರ ಹತ್ತಿರ ಇದ್ದವು. ಇವತ್ತು ಬನ್ನಿ, ನಾಳೆ ಬನ್ನಿ ಎನ್ನುವುದರಲ್ಲಿ ಬೇರೆ ಕಡೆ ಸೀಟು ಮುಗಿದವು. ಒರಿಜಿನಲ್‌ಗಳನ್ನು ವಿದ್ಯಾರ್ಥಿಯ ಎದುರೇ ಪರಿಶೀಲಿಸಿ ವಾಪಸ್ ಕೊಡಬೇಕು, ಸಹಿ ಮಾಡಿದ ಜೆರಾಕ್ಸ್ ಮಾತ್ರ ಇಟ್ಟುಕೊಳ್ಳಬೇಕು ಅಂತ ಯುಜಿಸಿ 2018ರಲ್ಲೇ ಹೇಳಿದೆ. ನನಗೆ ಅದು ಆಗ ಗೊತ್ತಿರಲಿಲ್ಲ.

ಆಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. 2024-25ರಿಂದ ಬಿಸಿಎ, ಬಿಬಿಎ ಕೂಡ ತಾಂತ್ರಿಕ ಕಾಲೇಜುಗಳಿಗೆ ಅನುಮೋದನೆ ಕೊಡುವ ಎಐಸಿಟಿಇ ಕೆಳಗೆ ಬಂದಿವೆ. ಹಾಗಾಗಿ ಈ ಕಾಲೇಜಿಗೂ ಅನುಮೋದನೆ ಪತ್ರ ಇದೆ, ಅವರ ವೆಬ್‌ಸೈಟಿನಲ್ಲೇ ಹಾಕಿದ್ದಾರೆ. ಅದರ ಮೊದಲ ಪುಟದಲ್ಲಿ ಎರಡು ವಿಳಾಸ ಇರುತ್ತದೆ. ಒಂದು ಸಂಸ್ಥೆಯದ್ದು, ಅಂದರೆ ಕಾಲೇಜಿನದ್ದು. ಇನ್ನೊಂದು ಅದನ್ನು ನಡೆಸುವ ಸೊಸೈಟಿಯದ್ದೋ ಟ್ರಸ್ಟಿನದ್ದೋ. ನಮ್ಮ ಕಾಲೇಜಿನ ಪತ್ರದಲ್ಲಿ ಪಿ.ಬಿ. ರಸ್ತೆಯ ವಿಳಾಸ ಇದ್ದದ್ದು ಟ್ರಸ್ಟಿನ ಮುಂದೆ. ಕಾಲೇಜಿನ ಮುಂದೆ ಹಳ್ಳಿಯ ಹೆಸರು, ಸರ್ವೆ ನಂಬರ್, 5775ರಿಂದ ಶುರುವಾಗುವ ಪಿನ್. ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚು ಹಾಕಿಸಿದ್ದು ಟ್ರಸ್ಟಿನ ವಿಳಾಸ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಈ ವರ್ಷ ಅಣ್ಣನ ಮಗಳ ಸರದಿ. ಅಣ್ಣ ದಾವಣಗೆರೆಯ ಎರಡು ಬೇರೆ ಕಾಲೇಜು ನೋಡಿಟ್ಟಿದ್ದ. ಫೀ ಕಟ್ಟಲು ಹೊರಟವನನ್ನು ತಡೆದು, ಇಬ್ಬರೂ ಕೂತು ಎರಡೂ ಕಡೆಯ ರಿಜಿಸ್ಟ್ರಾರ್‌ಗೆ ಒಂದೇ ಪತ್ರ ಬರೆದೆವು. ರಿಜಿಸ್ಟ್ರಾರ್ ಹುದ್ದೆ ಇಲ್ಲದ ಕಾಲೇಜಾದರೆ ಪ್ರಿನ್ಸಿಪಾಲರಿಗೆ ಬರೆಯಿರಿ. ನಮ್ಮ ಪತ್ರ ಹೀಗಿತ್ತು:

"ಮಾನ್ಯರೇ,

ವಿಷಯ: ಕ್ಯಾಂಪಸ್ ವಿಳಾಸ ಮತ್ತು ಮಹಿಳಾ ಹಾಸ್ಟೆಲ್ ಇರುವ ಸ್ಥಳವನ್ನು ಖಚಿತಪಡಿಸುವ ಬಗ್ಗೆ.

ನನ್ನ ಮಗಳನ್ನು ತಮ್ಮ ಕಾಲೇಜಿನಲ್ಲಿ ಮೊದಲ ವರ್ಷದ ಬಿಸಿಎಗೆ ಸೇರಿಸಬೇಕೆಂದಿದ್ದೇವೆ. ಶುಲ್ಕ ಕಟ್ಟುವ ಮೊದಲು ಕೆಳಗಿನ ವಿಷಯಗಳನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ.

ಈ ವರ್ಷದ ಮೊದಲ ವರ್ಷದ ಬಿಸಿಎ ತರಗತಿಗಳು ಮತ್ತು ಲ್ಯಾಬ್ ನಡೆಯುವ ಕಟ್ಟಡದ ಪೂರ್ಣ ವಿಳಾಸ, ಗ್ರಾಮ ಅಥವಾ ಬಡಾವಣೆ, ತಾಲ್ಲೂಕು ಮತ್ತು ಪಿನ್ ಸಹಿತ. ಇದು ಎಐಸಿಟಿಇ ಅನುಮೋದನೆ ಪತ್ರದಲ್ಲಿರುವ ಸಂಸ್ಥೆಯ ವಿಳಾಸವೇ? ಮೊದಲ ವರ್ಷದ ವಿದ್ಯಾರ್ಥಿನಿಯರಿಗೆ ಕೊಡುವ ಹಾಸ್ಟೆಲ್‌ನ ವಿಳಾಸ ಯಾವುದು? ಅದು ಕ್ಯಾಂಪಸ್‌ನ ಕಾಂಪೌಂಡಿನೊಳಗೆ ಇದೆಯೇ? ಹೊರಗಿದ್ದರೆ ಎಷ್ಟು ದೂರ, ಕಟ್ಟಡ ಸ್ವಂತದ್ದೋ ಬಾಡಿಗೆಯದ್ದೋ, ಬಸ್ಸಿನ ವೇಳೆ ಏನು, ಬಸ್ ಶುಲ್ಕ ಹಾಸ್ಟೆಲ್ ಶುಲ್ಕದಲ್ಲಿ ಸೇರಿದೆಯೇ?

ತಮ್ಮ ಉತ್ತರ ಬಂದ ನಂತರ ಮೂಲ ದಾಖಲೆಗಳೊಂದಿಗೆ ಬಂದು ಪ್ರವೇಶ ಪ್ರಕ್ರಿಯೆ ಮುಗಿಸುತ್ತೇವೆ."

"ಮೊದಲ ವರ್ಷದ", "ವಿದ್ಯಾರ್ಥಿನಿಯರಿಗೆ", "ಕಾಂಪೌಂಡಿನೊಳಗೆ" ಎಂಬ ಮಾತುಗಳನ್ನು ದಯವಿಟ್ಟು ಬಿಡಬೇಡಿ. ನಾನು ಫೋನಿನಲ್ಲಿ ಸುಮ್ನೆ "ಹಾಸ್ಟೆಲ್" ಅಂದೆ, ಅವರು ಹುಡುಗರ ಹಾಸ್ಟೆಲ್ ಲೆಕ್ಕದಲ್ಲಿ "ಇದೆ" ಅಂದರು. ಆಮೇಲೆ ಜಗಳಕ್ಕೆ ಹೋದಾಗ ಅವರ ಮಾತಿನಲ್ಲಿ ಹಿಡಿಯಲು ಏನೂ ಇರಲಿಲ್ಲ. ಇನ್ನು "ಈ ವರ್ಷ" ಅಂತ ಹಾಕಿದ್ದು ಏಕೆಂದರೆ, ಹೊಸ ಕಟ್ಟಡ ಏಳುತ್ತಿದ್ದರೆ ಮುಂದಿನ ವರ್ಷ ಬರುವುದನ್ನೇ ಈಗ ಇರುವ ಹಾಗೆ ಹೇಳಿಬಿಡುತ್ತಾರೆ.

ಪತ್ರದ ಎರಡು ಪ್ರತಿ ಮಾಡಿಸಿ ಅಣ್ಣನೇ ಹೋಗಿ ಟಪಾಲು ವಿಭಾಗದಲ್ಲಿ ಕೊಟ್ಟ. ಒಂದು ಅವರಿಗೆ. ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬಂದ. ಹೋಗಲು ಆಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ, ಇಮೇಲ್ ಕೂಡ ಹಾಕಿ. ಪ್ರವೇಶದ ಕೊನೆ ದಿನಕ್ಕೆ ಹತ್ತು ಹನ್ನೆರಡು ದಿನವಾದರೂ ಮುಂಚೆ ಕೊಡಬೇಕು. ಇಲ್ಲದಿದ್ದರೆ ಉತ್ತರ ಬರುವಷ್ಟರಲ್ಲಿ ನಿಮಗೇ ಅವಸರವಾಗಿ ಫೀ ಕಟ್ಟಿಬಿಡುತ್ತೀರಿ.

ಮೊದಲ ಕಾಲೇಜಿನಿಂದ ಐದನೇ ದಿನ ಲೆಟರ್‌ಹೆಡ್‌ನಲ್ಲಿ ಉತ್ತರ ಬಂತು. ಸಹಿ, ಸೀಲು, ಜಾವಕ ಸಂಖ್ಯೆ ಎಲ್ಲ ಇತ್ತು. ತರಗತಿ ಮುಖ್ಯ ಕ್ಯಾಂಪಸ್‌ನಲ್ಲೇ. ಆದರೆ ಒಳಗಿನ ಹಾಸ್ಟೆಲ್ ಎರಡನೇ ಮತ್ತು ಮೂರನೇ ವರ್ಷದವರಿಂದ ತುಂಬಿದೆ, ಮೊದಲ ವರ್ಷದವರಿಗೆ ಎರಡು ಕಿಲೋಮೀಟರ್ ಆಚೆ ಬಾಡಿಗೆ ಕಟ್ಟಡ, ಬಸ್ಸಿಗೆ ದುಡ್ಡಿಲ್ಲ ಎಂದು ಬರೆದಿದ್ದರು. ಇದು ಅವರ ಪ್ರಾಸ್ಪೆಕ್ಟಸ್‌ನಲ್ಲಿ ಎಲ್ಲೂ ಇಲ್ಲ. ಅಂದರೆ ಒಳ್ಳೆಯ ಕಾಲೇಜಿನಲ್ಲೂ ಕೇಳದೆ ಇದ್ದರೆ ಗೊತ್ತಾಗುವುದಿಲ್ಲ, ಅಲ್ವಾ? ಉತ್ತರ ಕೈಯಲ್ಲಿ ಹಿಡಿದು ನಾನು, ಅಣ್ಣ, ಅತ್ತಿಗೆ ಹೋಗಿ ಆ ಬಾಡಿಗೆ ಕಟ್ಟಡ ನೋಡಿದೆವು. ಸಂಜೆ ಆರು ಗಂಟೆಗೆ ಹೋದೆವು, ಬೀದಿ ದೀಪ ಇದೆಯೋ ಇಲ್ಲವೋ ನೋಡಲು. ಇತ್ತು. ವಾರ್ಡನ್ ಅಲ್ಲೇ ಉಳಿಯುತ್ತಾರೆ ಎನ್ನುವುದನ್ನು ಅಲ್ಲಿನ ಹುಡುಗಿಯರನ್ನೇ ಕೇಳಿ ತಿಳಿದುಕೊಂಡೆವು. ಮಾರನೇ ದಿನ ಫೀ ಕಟ್ಟಿದೆವು, ಒರಿಜಿನಲ್‌ಗಳನ್ನು ಎದುರಿಗೇ ತೋರಿಸಿ ವಾಪಸ್ ತಂದೆವು.

ಎರಡನೇ ಕಾಲೇಜಿನಿಂದ ಪತ್ರ ಬರಲಿಲ್ಲ, ಫೋನ್ ಬಂತು. "ಇದಕ್ಕೆಲ್ಲ ಯಾಕೆ ಸಾರ್ ಲೆಟರ್ರು, ಬಂದು ಅಡ್ಮಿಷನ್ ಮಾಡಿಸಿ, ಆಮೇಲೆ ಹೇಳ್ತೀವಿ" ಅಂದರು. ಅಣ್ಣ ಮತ್ತೆ ಆ ಕಡೆ ಹೋಗಲಿಲ್ಲ.