ಅಡಿಟಿಪ್ಪಣಿಯೋ, ಹೊಸ ಜೋಕೋ?

ಪದಗಳ ಆಟದ ಜೋಕನ್ನು ಕನ್ನಡಕ್ಕೆ ಅನುವಾದಿಸೋದು ಹೇಗೆ? ಲೂಯಿಸ್ ಕ್ಯಾರಲ್‌ನ 'ಆಲಿಸ್' (1865) ಕತೆಯಲ್ಲಿ ಒಂದು ಕಡಲಾಮೆ ಮೇಷ್ಟ್ರು. ಮಕ್ಕಳು ಅವರನ್ನು ಕರೆಯೋದು 'ಟಾರ್ಟಸ್' ಅಂತ, ಅಂದರೆ ನೆಲದ ಆಮೆ. ಯಾಕೆ ಅಂತ ಆಲಿಸ್ ಕೇಳಿದರೆ, ಅವರ ಹಳೆ ಶಿಷ್ಯ ಗದರಿಕೊಂಡೇ ಹೇಳುತ್ತಾನೆ: 'ಟಾಟ್ ಅಸ್', ಅಂದರೆ ನಮಗೆ ಪಾಠ ಹೇಳಿದರು. ಇಂಗ್ಲಿಷಿನಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಥರ ಕೇಳುತ್ತವೆ.

ಕನ್ನಡದಲ್ಲಿ ಪದಕ್ಕೆ ಪದ ಇಟ್ಟರೆ: 'ಪಾಠ ಹೇಳಿದ್ದಕ್ಕೆ ಆಮೆ ಅಂತಿದ್ವಿ.' ನಗು ಎಲ್ಲಿ? ಉಚ್ಚಾರಣೆಯ ಆಟ ಹೋಯಿತು. ಜೊತೆಗೆ ಕಡಲಿನದೂ ನೆಲದ್ದೂ ನಮಗೆ ಆಮೆಯೇ, ಹಾಗಾಗಿ 'ಯಾಕೆ' ಅನ್ನೋ ಪ್ರಶ್ನೆಯೇ ಪೆದ್ದಾಗುತ್ತದೆ. ಅಡಿಟಿಪ್ಪಣಿ ಹಾಕಿದರೆ ಅರ್ಥವಾಗುತ್ತದೆ, ನಗು ಬರೋದಿಲ್ಲ. ಕ್ಯಾರಲ್‌ನ ಭಾಷೆಯನ್ನೇ ಓದುವ ವಿದ್ಯಾರ್ಥಿಗೆ ಇದೇ ಸರಿ.

ಮಕ್ಕಳಿಗಾದರೆ ನಾನು ಹೊಸದಾಗಿ ಕಟ್ಟುತ್ತೇನೆ. ಮೊದಲು ಬಿಡಬಾರದ್ದನ್ನು ಹಿಡಿಯಬೇಕು: ಆಮೆ, ಅಡ್ಡಹೆಸರು, ಆಲಿಸಳ ಪ್ರಶ್ನೆ, ಆಮೇಲೆ ಬರುವ ಗದರಿಕೆ. ಆಮೇಲೆ... ಇಲ್ಲೇ ಇದೆಯಲ್ಲ!

'ಅವರನ್ನು ಆಮೇಲಯ್ಯ ಅಂತಿದ್ವಿ.'
'ಯಾಕೆ?'
'ಆಮೆ ಅಲ್ವಾ! ಏನು ಕೇಳಿದರೂ ಆಮೇಲೆ ಅನ್ನೋರು. ಇಷ್ಟೂ ಗೊತ್ತಾಗಲ್ವಾ, ದಡ್ಡಿ?'

ಪಾಠ ಹೇಳುವ ಮೇಷ್ಟ್ರು ಮುಂದೂಡುವ ಮೇಷ್ಟ್ರಾದರು, ಅದು ನಷ್ಟವೇ. ಮುಂದಿನ ಪುಟಗಳಲ್ಲಿ ಅವರು ಸೋಮಾರಿ ಅಲ್ಲ ಅಂತ ಬಂದರೆ ಈ ಜೋಕ್ ಕೈಬಿಡಬೇಕು. ಗಟ್ಟಿಯಾಗಿ ಓದಿ ನೋಡಿ: ವಿವರಣೆ ಕೇಳದೆ ಮಗು ನಕ್ಕರೆ ಇಟ್ಟುಕೊಳ್ಳಿ.