ಡೈರೆಕ್ಟರ್ ಪಟ್ಟಿ ನೋಡಿದ್ದೇವೆ ಎಂದು ಅಡ್ವಾನ್ಸ್ ಕೊಡಬೇಡಿ

ರಾಜರಾಜೇಶ್ವರಿ ನಗರದ ದಂಪತಿ 2024ರ ಜೂನ್‌ನಲ್ಲಿ ತಮ್ಮ ಹೊಸ ಫ್ಲ್ಯಾಟಿನ ಇಂಟೀರಿಯರ್ ಕೆಲಸವನ್ನು ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಗೆ ವಹಿಸಿದರು. ಕೊಟೇಶನ್ 11 ಲಕ್ಷ, ಅದರಲ್ಲಿ ಅರ್ಧ, ಅಂದರೆ ಐದೂವರೆ ಲಕ್ಷ, ಅಡ್ವಾನ್ಸ್. ಅಡುಗೆಮನೆಯ ಕಪಾಟಿನ ಪ್ಲೈವುಡ್ ಚೌಕಟ್ಟು ನಿಂತಿತು, ಶಟರ್ ಬರಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಆಫೀಸಿಗೆ ಬೀಗ ಬಿದ್ದಿತ್ತು, ಫೋನ್ ತೆಗೆಯುವವರಿರಲಿಲ್ಲ. ಕಂಪನಿಯ ಹೆಸರು ಇಲ್ಲಿ ಹೇಳುತ್ತಿಲ್ಲ.

ಈ ದಂಪತಿ ಕಣ್ಣು ಮುಚ್ಚಿಕೊಂಡು ದುಡ್ಡು ಕೊಟ್ಟವರಲ್ಲ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣ mca.gov.in ತೆರೆದು ಕಂಪನಿಯ ಮಾಸ್ಟರ್ ಡೇಟಾ ನೋಡಿದ್ದರು. ಸ್ಥಿತಿ Active ಎಂದಿತ್ತು. ಇಬ್ಬರು ಡೈರೆಕ್ಟರ್‌ಗಳಿದ್ದರು, ಇಬ್ಬರ ಹೆಸರಿನಲ್ಲೂ ಮುಚ್ಚಿದ ಕಂಪನಿ ಒಂದೂ ಇರಲಿಲ್ಲ. ಎಲ್ಲ ಸರಿಯಿದೆ ಎಂದುಕೊಂಡು ಸಹಿ ಹಾಕಿದರು. ನೋಡಿದ ಜಾಗ ಸರಿಯಿತ್ತು, ಆದರೆ ಮೊದಲ ಪುಟದಲ್ಲೇ ನಿಂತುಬಿಟ್ಟರು. ಅಲ್ಲಿಂದ ಮುಂದಕ್ಕೆ ಹೇಗೆ ಹೋಗಬೇಕು ಎಂಬುದೇ ಈ ಬರಹ.

ಮೊದಲು ಕಂಪನಿಯ ಗುರುತಿನ ಸಂಖ್ಯೆ, ಅಂದರೆ ಸಿಐಎನ್, ಕೇಳಿ ತೆಗೆದುಕೊಳ್ಳಿ. 21 ಅಕ್ಷರ-ಅಂಕಿಗಳ ಈ ಸಂಖ್ಯೆಯನ್ನು ಲೆಟರ್‌ಹೆಡ್ಡಿನಲ್ಲೂ ಬಿಲ್ಲಿನಲ್ಲೂ ಮುದ್ರಿಸಬೇಕೆಂದು ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ, ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲೇ ಎಚ್ಚರವಾಗಿ. ಬರೀ ಹೆಸರು ಹಾಕಿ ಹುಡುಕಿದರೆ ಒಂದೇ ಪದ ವ್ಯತ್ಯಾಸವಿರುವ ಬೇರೆ ಕಂಪನಿ ಎದುರಾಗಬಹುದು. ಸಂಖ್ಯೆಯ ನಡುವಿನ KA ಎಂದರೆ ಕರ್ನಾಟಕದಲ್ಲಿ ನೋಂದಣಿ, ಅದರ ಪಕ್ಕದ ನಾಲ್ಕು ಅಂಕಿ ನೋಂದಣಿಯಾದ ವರ್ಷ. 'ಹದಿನೈದು ವರ್ಷದ ಅನುಭವ' ಎಂದು ಬ್ರೋಷರ್‌ನಲ್ಲಿ ಬರೆದಿದ್ದು ಸಿಐಎನ್‌ನಲ್ಲಿ 2022 ಎಂದಿದ್ದರೆ, ಹಿಂದಿನ ವರ್ಷಗಳಲ್ಲಿ ಯಾವ ಹೆಸರಲ್ಲಿ ಕೆಲಸ ಮಾಡುತ್ತಿದ್ದಿರಿ ಎಂದು ಕೇಳಲೇಬೇಕು. ಈ ಕಂಪನಿಯ ಸಿಐಎನ್‌ನಲ್ಲೂ 2022 ಎಂದೇ ಇತ್ತು.

ಜತೆಗೆ ಬಿಲ್ಲಿನಲ್ಲಿರುವ ಜಿಎಸ್‌ಟಿ ನಂಬರಿನ ಆರನೆಯ ಅಕ್ಷರ ನೋಡಿ. ಆ ನಂಬರಿನೊಳಗೆ ಮೂರನೆಯದರಿಂದ ಹನ್ನೆರಡನೆಯವರೆಗೆ ಇರುವುದು ಪ್ಯಾನ್. C ಇದ್ದರೆ ಕಂಪನಿ, F ಇದ್ದರೆ ಪಾಲುದಾರಿಕೆ ಅಥವಾ ಎಲ್‌ಎಲ್‌ಪಿ, P ಇದ್ದರೆ ಒಬ್ಬ ವ್ಯಕ್ತಿ. ಕೊಟೇಶನ್ ಮೇಲೆ ಪ್ರೈವೇಟ್ ಲಿಮಿಟೆಡ್ ಎಂದಿದ್ದು ಬಿಲ್ಲಿನ ನಂಬರಿನಲ್ಲಿ P ಬಂದರೆ, ನೀವು ಹುಡುಕುತ್ತಿರುವ ಕಂಪನಿಗೂ ನಿಮ್ಮ ದುಡ್ಡಿಗೂ ಸಂಬಂಧವೇ ಇಲ್ಲ. ಆಗ ಡೈರೆಕ್ಟರ್‌ಗಳನ್ನು ಹುಡುಕಿ ಪ್ರಯೋಜನವಿಲ್ಲ.

ಇನ್ನು ಡೈರೆಕ್ಟರ್‌ಗಳ ವಿಷಯ. ತಾಣದಲ್ಲಿ ಉಚಿತವಾಗಿ ಖಾತೆ ಮಾಡಿಕೊಂಡು ಲಾಗಿನ್ ಆಗಿ View Company or LLP Master Data ಎಂಬಲ್ಲಿ ಸಿಐಎನ್ ಹಾಕಿದರೆ ಡೈರೆಕ್ಟರ್‌ಗಳ ಹೆಸರೂ ಡಿನ್ ಸಂಖ್ಯೆಯೂ ಬರುತ್ತವೆ. ಡಿನ್ ಎಂಟು ಅಂಕಿಯದು, ಒಬ್ಬರಿಗೆ ಒಂದೇ, ಎಷ್ಟು ಕಂಪನಿ ಸೇರಿದರೂ ಬದಲಾಗದು. ಹೆಸರಿಗಿಂತ ಇದನ್ನೇ ನಂಬಬೇಕು. ನಮ್ಮ ಕಡೆಯ ಹೆಸರುಗಳ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಬಿಡಿಸಿ ಬರೆದಿರುತ್ತದೆ. ಕೊನೆಯಲ್ಲಿ ಒಂದು a ಇದ್ದೂ ಇಲ್ಲದೆಯೂ ಮಂಜುನಾಥ ಎಂಬ ಹೆಸರಿನವರು ಈ ಪಟ್ಟಿಗಳಲ್ಲಿ ಎಷ್ಟೋ ಮಂದಿ. ಹೆಸರು ಹೊಂದಿತೆಂದು ಇಬ್ಬರನ್ನು ಒಬ್ಬರೆಂದು ತಿಳಿದು ನಿರಪರಾಧಿಯ ಮೇಲೆ ಆರೋಪ ಹೊರಿಸುವ ತಪ್ಪು ಆಗುವುದು ಇಲ್ಲೇ. ಡಿನ್ ಹೊಂದಿದರೆ ಮಾತ್ರ ಅದೇ ವ್ಯಕ್ತಿ.

ಆದರೆ ಈ ಪಟ್ಟಿ ತೋರಿಸುವುದು ಇವತ್ತು ಯಾರಿದ್ದಾರೆ ಎಂಬುದನ್ನು. ನಿನ್ನೆ ಬಿಟ್ಟುಹೋದವರು ಇದರಲ್ಲಿ ಇರುವುದಿಲ್ಲ. ಇನ್ನೂ ಒಂದು ಅಂತರವಿದೆ: ಡೈರೆಕ್ಟರ್ ಬದಲಾದರೆ ತಿಳಿಸಲು ಕಂಪನಿಗೆ 30 ದಿನ ಅವಕಾಶ, ತಡವಾದರೆ ದಂಡ ಕಟ್ಟಿ ಆಮೇಲೂ ಸಲ್ಲಿಸಬಹುದು. ಹಾಗಾಗಿ ಇವತ್ತಿನ ಪಟ್ಟಿಯೂ ತಿಂಗಳ ಹಿಂದಿನದಾಗಿರಬಹುದು.

ದಂಪತಿಗೆ ವಿನ್ಯಾಸ ತೋರಿಸಿದ್ದು, ರೇಟು ಮಾತಾಡಿದ್ದು, ಧೈರ್ಯ ಹೇಳಿದ್ದು ಎಲ್ಲ ಒಬ್ಬ ಹಿರಿಯರು. ಅವರ ಕಾರ್ಡಿನಲ್ಲಿ 'ಫೌಂಡರ್' ಎಂದಿತ್ತು. ಅಗ್ರಿಮೆಂಟಿಗೆ ಸಹಿ ಹಾಕಿದ್ದು ಬೇರೊಬ್ಬ ಯುವಕ. ಮಾಸ್ಟರ್ ಡೇಟಾದಲ್ಲಿದ್ದ ಇಬ್ಬರಲ್ಲಿ ಅವನೊಬ್ಬ, ಫೌಂಡರ್ ಇರಲೇ ಇಲ್ಲ. ಫೌಂಡರ್ ಎಂಬ ಹುದ್ದೆ ಕಂಪನಿ ಕಾಯ್ದೆಯಲ್ಲಿ ಇಲ್ಲ, ಆ ಪದಕ್ಕೆ ದಾಖಲೆಯಲ್ಲಿ ಯಾವ ಹೊಣೆಯೂ ಅಂಟುವುದಿಲ್ಲ. ನಿಮ್ಮ ಎದುರು ಕೂತು ವ್ಯವಹಾರ ಮಾಡುವವರು ಪಟ್ಟಿಯಲ್ಲಿಲ್ಲದಿದ್ದರೆ ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು. ದಂಪತಿ ಪಟ್ಟಿಯಲ್ಲಿದ್ದವರನ್ನು ಪರೀಕ್ಷಿಸಿದರು, ಇಲ್ಲದವರನ್ನು ಬಿಟ್ಟರು.

ಬಿಟ್ಟುಹೋದವರು ಸಿಗುವುದು View Public Documents ಎಂಬ ಭಾಗದಲ್ಲಿ. ಒಂದು ಕಂಪನಿಯ ಕಡತ ತೆರೆಯಲು 100 ರೂಪಾಯಿ ಶುಲ್ಕ. ದಾಖಲೆ ನೋಡಲು ಸಿಗುವ ಕಾಲಾವಕಾಶ ಸೀಮಿತ, ಹಾಗಾಗಿ ಒಂದೊಂದನ್ನೇ ಓದುತ್ತ ಕೂರದೆ ಮೊದಲು ಬೇಕಾದ್ದನ್ನೆಲ್ಲ ಇಳಿಸಿಕೊಳ್ಳಿ. ವರ್ಷ ಆರಿಸುವಾಗ ಒಂದು ತೊಡಕಿದೆ: ಅಲ್ಲಿ ಕೇಳುವುದು ದಾಖಲೆ ಸಲ್ಲಿಸಿದ ವರ್ಷ. 2022-23ರ ವಾರ್ಷಿಕ ರಿಟರ್ನ್ ಬೇಕಿದ್ದರೆ 2023ರಲ್ಲೂ 2024ರಲ್ಲೂ ಹುಡುಕಬೇಕು. ಒಂದೇ ವರ್ಷ ನೋಡಿ 'ಏನೂ ಇಲ್ಲ' ಎಂದು ಮುಚ್ಚುವವರು ಬಹಳ.

ಇಳಿಸಿಕೊಳ್ಳಬೇಕಾದವು ಮುಖ್ಯವಾಗಿ ಎರಡು. ಡೈರೆಕ್ಟರ್ ಸೇರಿದಾಗ, ಬಿಟ್ಟಾಗ ಸಲ್ಲಿಸುವ DIR-12 ಮತ್ತು ವಾರ್ಷಿಕ ರಿಟರ್ನ್, ಅಂದರೆ MGT-7 ಅಥವಾ ಸಣ್ಣ ಕಂಪನಿಯಾದರೆ MGT-7A. ಮೊದಲ ಡೈರೆಕ್ಟರ್‌ಗಳು ಬೇಕಿದ್ದರೆ Incorporation Documents ಭಾಗದ ನೋಂದಣಿ ಅರ್ಜಿಯಲ್ಲಿ ಇರುತ್ತಾರೆ.

ಈ ಕಂಪನಿಯ ಕಡತದಲ್ಲಿ ಎರಡು DIR-12 ಇದ್ದವು. ಒಂದು 2024ರ ಮಾರ್ಚ್‌ನದು: ಫೌಂಡರ್ ರಾಜೀನಾಮೆ, ಅದೇ ದಿನ ಆ ಯುವಕ ಅಡಿಷನಲ್ ಡೈರೆಕ್ಟರ್. ಇನ್ನೊಂದು 2022ರ ನವೆಂಬರ್‌ನದು, ಫೌಂಡರ್ ಸೇರಿದ್ದು. ಈ ಎರಡನೆಯದೇ ಚಿನ್ನದಂಥ ಕಾಗದ. DIR-12ರಲ್ಲಿ ಸೇರುವವರ ಡಿನ್ ಇರುತ್ತದೆ, ಅವರಿಗೆ ಹಿತಾಸಕ್ತಿ ಇರುವ ಬೇರೆ ಸಂಸ್ಥೆಗಳ ವಿವರ ತುಂಬುವ ಭಾಗವೂ ಇರುತ್ತದೆ. ಅದಕ್ಕೆ ಲಗತ್ತಿಸುವ DIR-2 ಎಂಬ ಒಪ್ಪಿಗೆ ಪತ್ರದಲ್ಲಿ 'ನಾನು ಈಗಾಗಲೇ ಇಷ್ಟು ಕಂಪನಿಗಳಲ್ಲಿ ಡೈರೆಕ್ಟರ್' ಎಂದು ಸಂಖ್ಯೆ ಬರೆದು ಸಹಿ ಹಾಕಬೇಕು. ಆ ದಿನದ ಮಟ್ಟಿಗೆ ಅದು ಅವರ ಕೈಯಿಂದಲೇ ಬಂದ ಲೆಕ್ಕ. ಫೌಂಡರ್ ಬರೆದಿದ್ದು 4.

ಆ ನಾಲ್ಕರ ಮಾಸ್ಟರ್ ಡೇಟಾ ತೆಗೆದರೆ ಎರಡರ ಮುಂದೆ Strike Off, ಅಂದರೆ ನೋಂದಣಿಯಿಂದ ಹೆಸರು ಅಳಿಸಿದ್ದು. ಒಂದು ನಡೆಯುತ್ತಿದೆ. ನಾಲ್ಕನೆಯದು 2018ರಲ್ಲಿ ನೋಂದಣಿಯಾದ ಇಂಟೀರಿಯರ್ ಕಂಪನಿ, ಇದೇ ಊರು, ಹೆಚ್ಚುಕಡಿಮೆ ಇದೇ ಹೆಸರು. ಅದರ ಸ್ಥಿತಿಯೂ Active ಎಂದೇ ಇತ್ತು, ಆದರೆ ಕೊನೆಯ ಬ್ಯಾಲೆನ್ಸ್ ಶೀಟಿನ ದಿನಾಂಕ 31/03/2020. ಹೆಸರು ಇನ್ನೂ ನೋಂದಣಿಯಿಂದ ತೆಗೆದುಹಾಕಿಲ್ಲ ಎಂಬುದಷ್ಟೇ Active ಪದದ ಅರ್ಥ. ಕಂಪನಿ ಉಸಿರಾಡುತ್ತಿದೆಯೇ ಎಂದು ತಿಳಿಯಲು ಕೊನೆಯ ಬ್ಯಾಲೆನ್ಸ್ ಶೀಟಿನ ದಿನಾಂಕ ನೋಡಬೇಕು.

ಮೂರು ಹಣಕಾಸು ವರ್ಷ ಸತತವಾಗಿ ಲೆಕ್ಕಪತ್ರ ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸದ ಕಂಪನಿಯ ಡೈರೆಕ್ಟರ್, 164(2)ನೇ ಸೆಕ್ಷನ್ ಪ್ರಕಾರ ಐದು ವರ್ಷ ಅನರ್ಹ. 2020-21ರಿಂದ 2022-23ರವರೆಗೆ ಲೆಕ್ಕ ಹಾಕಿದರೆ ಮೂರು ವರ್ಷ ತುಂಬುವುದು 2023ರ ಕೊನೆಗೆ, ಫೌಂಡರ್ ರಾಜೀನಾಮೆ ಕೊಟ್ಟಿದ್ದು 2024ರ ಮಾರ್ಚ್‌ಗೆ. ಕಾರಣ ಅದೇ ಎಂದು ಕಡತ ಹೇಳುವುದಿಲ್ಲ, ಆದರೆ ಐದೂವರೆ ಲಕ್ಷ ಕೊಡುವವರು ನೇರವಾಗಿ ಕೇಳಬೇಕಾದ ಪ್ರಶ್ನೆ ಅದು.

ರಾಜೀನಾಮೆ ಕೊಟ್ಟವರು ನಿಜವಾಗಿ ದೂರವಾದರೇ ಎಂಬುದಕ್ಕೆ ವಾರ್ಷಿಕ ರಿಟರ್ನಿನ ಲಗತ್ತಾದ ಷೇರುದಾರರ ಪಟ್ಟಿ ಬೇಕು. 2023ರ ಮಾರ್ಚ್ 31ರ ಸ್ಥಿತಿ ತೋರಿಸುವ MGT-7Aಯಲ್ಲಿ ಒಟ್ಟು 10,000 ಷೇರು, ಫೌಂಡರ್ ಹೆಸರಲ್ಲಿ 9,000. ಮುಂದಿನ ವರ್ಷದ ಪಟ್ಟಿ ಆಮೇಲೆ ಸಲ್ಲಿಕೆಯಾದಾಗ ಅದರಲ್ಲೂ 9,000. ಸಹಿ ಹಾಕಿದ ಯುವಕನ ಹೆಸರಲ್ಲಿ ಒಂದು ಷೇರೂ ಇಲ್ಲ. ಅಂದರೆ ಮಾಲೀಕತ್ವ ಒಬ್ಬರದು, ಸಹಿ ಮತ್ತೊಬ್ಬರದು. ಮೊದಲ ಪಟ್ಟಿಯೂ ಎರಡೂ DIR-12ಗಳೂ ಜೂನ್‌ನಲ್ಲೇ ಕಡತದಲ್ಲಿದ್ದವು, 100 ರೂಪಾಯಿಗೆ ಸಿಗುತ್ತಿದ್ದವು.

ಹೊಸ ಡೈರೆಕ್ಟರ್‌ಗೆ ಒಂದೇ ಕಂಪನಿ ಎಂಬುದನ್ನು ದಂಪತಿ ಒಳ್ಳೆಯ ಗುರುತೆಂದು ಓದಿದ್ದರು. ಅಲ್ಲಿ ನೋಡಬೇಕಿದ್ದದ್ದು ಸೇರಿದ ದಿನಾಂಕ. ಅದನ್ನೂ ಹುಷಾರಾಗಿ ಓದಿ: ಮೊದಲು ಸೇರಿದ ದಿನ ಬೇರೆ, ಈಗಿನ ಹುದ್ದೆಗೆ ಬಂದ ದಿನ ಬೇರೆ. ಅಡಿಷನಲ್ ಡೈರೆಕ್ಟರ್ ಆಗಿದ್ದವರನ್ನು ವಾರ್ಷಿಕ ಸಭೆಯಲ್ಲಿ ಡೈರೆಕ್ಟರ್ ಮಾಡಿದರೆ ಎರಡನೆಯ ದಿನಾಂಕ ಹೊಸದಾಗುತ್ತದೆ. ಅಷ್ಟಕ್ಕೇ ಅನುಮಾನ ಪಡಬೇಕಿಲ್ಲ.

ಹಾಗೆಯೇ, ಒಂದು ಕಂಪನಿ ಮುಚ್ಚಿದ ಮಾತ್ರಕ್ಕೆ ಯಾರೂ ಮೋಸಗಾರರಲ್ಲ. ವ್ಯಾಪಾರ ಕೈಕೊಟ್ಟು ಕ್ರಮಬದ್ಧವಾಗಿ ಮುಚ್ಚಿದವರು ಬಹಳ ಮಂದಿ ಇದ್ದಾರೆ. ವಿಳಾಸ ಒಂದೇ ಎಂಬುದೂ ಸಾಕ್ಷಿಯಲ್ಲ: ಬೆಂಗಳೂರಿನ ಕೋ-ವರ್ಕಿಂಗ್ ಕಟ್ಟಡಗಳಲ್ಲಿ ಒಂದೇ ವಿಳಾಸಕ್ಕೆ ಪರಸ್ಪರ ಮುಖವೇ ನೋಡದ ಕಂಪನಿಗಳು ನೋಂದಣಿಯಾಗಿರುತ್ತವೆ. ಅದೇ ವ್ಯಾಪಾರ, ಹೋಲುವ ಹೆಸರು, ಅದೇ ಡಿನ್, ಲೆಕ್ಕಪತ್ರ ನಿಂತ ಮೇಲೆ ಹುಟ್ಟಿದ ಹೊಸ ಕಂಪನಿ, ಈ ನಾಲ್ಕೂ ಒಟ್ಟಿಗೆ ಬಂದಾಗ ಅಡ್ವಾನ್ಸ್ ತಡೆಹಿಡಿಯಿರಿ. ಇಳಿಸಿಕೊಂಡ DIR-2ರಲ್ಲಿ ಮನೆ ವಿಳಾಸ, ಪ್ಯಾನ್ ಎಲ್ಲ ಇರುತ್ತದೆ, ದಯವಿಟ್ಟು ಅದನ್ನು ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಬೇಡಿ.

ದುಡ್ಡು ಈಗಾಗಲೇ ಹೋಗಿದ್ದರೆ, ಕಂಪನಿಯ ಸ್ಥಿತಿಯನ್ನು ವಾರಕ್ಕೊಮ್ಮೆ ನೋಡುತ್ತಿರಿ. Under Process of Striking Off ಎಂದು ಬದಲಾದರೆ, ಆಕ್ಷೇಪಣೆ ಕರೆದು ಹೊರಡಿಸಿದ ಪ್ರಕಟಣೆಯ ದಿನಾಂಕದಿಂದ 30 ದಿನದೊಳಗೆ, ಅದರಲ್ಲಿ ಹೇಳಿದ ಅಧಿಕಾರಿಗೆ ನಿಮ್ಮ ಬಾಕಿಯ ದಾಖಲೆ ಸಮೇತ ಲಿಖಿತ ಆಕ್ಷೇಪಣೆ ಕಳಿಸಿ. ಆ ಅವಧಿ ತಪ್ಪಿ ಹೆಸರು ಅಳಿಸಿಹೋದರೂ, ಕಂಪನಿಯಿಂದ ನಮಗೆ ದುಡ್ಡು ಬರಬೇಕಿದೆ ಎಂದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠದಲ್ಲಿ 252ನೇ ಸೆಕ್ಷನ್ ಅಡಿ ಅರ್ಜಿ ಹಾಕಿ ಕಂಪನಿಯನ್ನು ಮತ್ತೆ ನೋಂದಣಿಗೆ ತರಿಸಬಹುದು, ಅದಕ್ಕೆ 20 ವರ್ಷ ಅವಕಾಶವಿದೆ. ಆದರೆ ಆ ದಾರಿಗೆ ವಕೀಲರ ಖರ್ಚಿದೆ, ಆಕ್ಷೇಪಣೆ ಪತ್ರಕ್ಕೆ ಇಲ್ಲ.