ಕುಪ್ಯದ ಚಪ್ಪಟೆ ಫೋಟೋವನ್ನು ಗೊಂಬೆಗೆ ತೊಡಿಸಿದ್ದು: ಎರಡು ದಾರಿ, ಒಂದೇ ಬಟ್ಟೆ

ಗೋಣಿಕೊಪ್ಪದಲ್ಲಿ ನಮ್ಮದೊಂದು ಸಣ್ಣ ಬಟ್ಟೆ ಅಂಗಡಿ. ಕೊಡವ ಗಂಡಸರು ತೊಡುವ ಉದ್ದ ಅಂಗಿ ಕುಪ್ಯ, ಅದರ ಮೇಲೆ ಸೊಂಟಕ್ಕೆ ಬಿಗಿಯುವ ಜರಿಯ ಪಟ್ಟಿ ಚೇಲೆ, ಕೊಡವ ಸೀರೆ ಇವೇ ಮುಖ್ಯ ವ್ಯಾಪಾರ. ಕುಪ್ಯ ಹೊಲಿಯುವ ಟೈಲರಣ್ಣ ಇರುವುದು ವಿರಾಜಪೇಟೆಯಲ್ಲಿ. ಹೊಲಿದು ಮುಗಿದ ಮೇಲೆ ಬಿಳಿ ಬಟ್ಟೆಯ ಮೇಲೆ ಹರಡಿ, ಮೇಲಿನಿಂದ ಒಂದು ಫೋಟೋ ತೆಗೆದು ನನಗೆ ಕಳಿಸುತ್ತಾರೆ. ಕುಪ್ಯ ಅಲ್ಲಿಂದಲೇ ಗಿರಾಕಿಗೆ ಹೋಗುತ್ತದೆ, ಅಂಗಡಿಗೆ ಬರುವುದೇ ಇಲ್ಲ. ಮುಂದಿನವರಿಗೆ ತೋರಿಸಲು ನನ್ನ ಹತ್ತಿರ ಉಳಿಯುವುದು ಆ ಫೋಟೋ ಒಂದೇ.

ಹರಡಿದ ಕುಪ್ಯ ಕಣ್ಣಿಗೆ ಏನೂ ಹೇಳುವುದಿಲ್ಲ. ಎರಡೂ ಕೈ ಚಾಚಿಕೊಂಡ ಕರಿಯ ಬಟ್ಟೆ, ಅಷ್ಟೆ. ಮೊಣಕಾಲಿನವರೆಗೆ ಬರುತ್ತದೆಯೇ, ಅರ್ಧ ತೋಳು ಮೊಣಕೈ ಹತ್ತಿರ ಎಲ್ಲಿ ನಿಲ್ಲುತ್ತದೆ, ಚೇಲೆ ಕಟ್ಟಿದ ಮೇಲೆ ಕೆಳಗೆ ಹೇಗೆ ಬೀಳುತ್ತದೆ ಎನ್ನುವುದು ತಿಳಿಯುವುದಿಲ್ಲ. ಬೆಂಗಳೂರಿನಿಂದ ಫೋನಿನಲ್ಲೇ ಆರ್ಡರ್ ಕೊಡುವವರಿಗೆ ಬೇಕಾದದ್ದೇ ಅದು. ಹಾಗಾಗಿ ಅದೇ ಫೋಟೋವನ್ನು ಗೊಂಬೆಯ ಮೈಮೇಲೆ ಕೂರಿಸುವ ಎರಡು ದಾರಿಗಳನ್ನು ಈ ಮಳೆಗಾಲದಲ್ಲಿ ಒಂದೇ ಕುಪ್ಯದ ಮೇಲೆ ಪ್ರಯೋಗಿಸಿದೆ. ಒಂದು, GIMP ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಕೈಯಾರೆ ಬಾಗಿಸಿ ಜೋಡಿಸುವುದು. ಇನ್ನೊಂದು, ಬಟ್ಟೆ ತೊಡಿಸಲೆಂದೇ ತಯಾರಾದ ಎಐ ಮಾದರಿ. ಟೀ ಶರ್ಟಿಗೆ ಸಿಗುವ ಸಿದ್ಧ ಮಾಕಪ್ ಫೈಲುಗಳನ್ನೂ ನೋಡಿದೆ. ಮುಂದೆ ಒಂದರ ಮೇಲೊಂದು ಬರುವ, ಕಾಲರಿಲ್ಲದ ಉದ್ದ ಅಂಗಿಗೆ ಒಂದೂ ಹೊಂದಲಿಲ್ಲ, ಅದನ್ನು ಅಲ್ಲಿಗೇ ಬಿಟ್ಟೆ.

ಮೊದಲು ಕೈಕೆಲಸ. ಇದರಲ್ಲಿ ನಾನು ಮೊದಲ ದಿನ ಮಾಡಿದ ತಪ್ಪು ಅಗಲದ್ದು. ಹರಡಿದ ಕುಪ್ಯ ಎದೆಯ ಬಳಿ 22 ಇಂಚು ಅಗಲವಿತ್ತು. ಭುಜಕ್ಕೆ ಭುಜ ಹೊಂದಿಸಿ ಗೊಂಬೆಯ ಮೇಲಿಟ್ಟರೆ ಎರಡೂ ಪಕ್ಕ ಹೊರಗೆ ಚಾಚಿ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಹಾಗೆ ಕಂಡಿತು. ಪೂರ್ತಿ ಚಿತ್ರವನ್ನೇ ಚಿಕ್ಕದು ಮಾಡಿದರೆ ಉದ್ದವೂ ಕುಗ್ಗಿ ಕುಪ್ಯ ತೊಡೆಗೆ ಬಂದು ನಿಂತಿತು. ಆಮೇಲೆ ಟೇಪ್ ಹಿಡಿದು ಗೊಂಬೆಯನ್ನೇ ಅಳೆದೆ. ಎದೆಯ ಸುತ್ತಳತೆ 38 ಇಂಚು, ಆದರೆ ಎದುರಿನಿಂದ ಕಾಣುವ ಅಗಲ ಬರೀ 14. ಉಳಿದದ್ದೆಲ್ಲ ಪಕ್ಕಕ್ಕೂ ಹಿಂದಕ್ಕೂ ತಿರುಗಿ ಹೋಗಿರುತ್ತದೆ. ಕುಪ್ಯದ ಸುತ್ತಳತೆ 44, ಅಂದರೆ ಅದೇ ಲೆಕ್ಕದಲ್ಲಿ ತೊಟ್ಟಾಗ ಎದುರಿನಿಂದ ಕಾಣಬೇಕಾದದ್ದು ಸುಮಾರು 16 ಇಂಚು. ಉದ್ದವನ್ನು ಮುಟ್ಟದೆ ಅಗಲವನ್ನು ಮಾತ್ರ 22ರಿಂದ 16ಕ್ಕೆ ಇಳಿಸಬೇಕು.

ಅದನ್ನೂ ಸಮನಾಗಿ ಇಳಿಸಬಾರದು. ಎದೆಯ ನಡುಭಾಗ ನಮ್ಮ ಕಡೆಗೇ ಮುಖ ಮಾಡಿರುವುದರಿಂದ ಅಲ್ಲಿ ಬಟ್ಟೆ ಹೆಚ್ಚುಕಡಿಮೆ ಇದ್ದ ಅಗಲದಲ್ಲೇ ಕಾಣುತ್ತದೆ. ಕಂಕುಳ ಕಡೆಗೆ ಹೋದಂತೆ ಮೈ ಬಾಗುತ್ತದೆ, ಬಟ್ಟೆ ಒತ್ತಿಕೊಂಡು ಕಾಣುತ್ತದೆ. GIMP ನ `Cage Transform` ನಲ್ಲಿ ಕುಪ್ಯದ ಸುತ್ತ ಚುಕ್ಕಿಗಳ ಬೇಲಿ ಹಾಕಿ, ನಡುವಿನ ಚುಕ್ಕಿಗಳನ್ನು ಹಾಗೇ ಬಿಟ್ಟು, ಪಕ್ಕದವನ್ನು ಒಳಕ್ಕೆ ಎಳೆದೆ. ಚಪ್ಪಟೆ ಚಿತ್ರಕ್ಕೆ ಮೈ ಬಂದದ್ದು ಆ ಒಂದು ಎಳೆತದಲ್ಲಿ.

ಎರಡನೆಯ ಕಷ್ಟ ತೋಳು. ಹರಡಿದಾಗ ತೋಳು ಪಕ್ಕಕ್ಕೆ ಚಾಚಿರುತ್ತದೆ, ಗೊಂಬೆಯ ಕೈ ಕೆಳಗೆ ಇಳಿಬಿದ್ದಿರುತ್ತದೆ. ಇಡೀ ಚಿತ್ರವನ್ನು ಒಂದೇ ತುಂಡಾಗಿ ಬಾಗಿಸಿದರೆ ಕಂಕುಳಲ್ಲಿ ಬಟ್ಟೆ ರಬ್ಬರಿನಂತೆ ಎಳೆದುಕೊಳ್ಳುತ್ತದೆ. ಆದ್ದರಿಂದ ಟೈಲರ್ ಕತ್ತರಿಸುವ ಹಾಗೆಯೇ ನಾನೂ ಕತ್ತರಿಸಿದೆ: ಮೈ ಒಂದು ಲೇಯರ್, ಎರಡು ತೋಳು ಎರಡು ಲೇಯರ್, ಕುತ್ತಿಗೆಯ ಒಳಗೆ ಕಾಣುವ ಬೆನ್ನಿನ ಪಟ್ಟಿ ಇನ್ನೊಂದು. ತೋಳನ್ನು ಭುಜದ ಹೊಲಿಗೆಯ ಮೇಲೆ ತಿರುಗಣಿ ಇಟ್ಟು ಕೆಳಗೆ ತಿರುಗಿಸಿ, ಮೈಯ ಲೇಯರಿನ ಕೆಳಗೆ ಸ್ವಲ್ಪ ತೂರಿಸಿದರೆ ಸಂದು ಕಾಣುವುದಿಲ್ಲ. ಬೆನ್ನಿನ ಪಟ್ಟಿಯನ್ನು ಗೊಂಬೆಯ ಕುತ್ತಿಗೆಯ ಹಿಂದೆ ಹೋಗುವಂತೆ ಅಳಿಸಬೇಕು. ಅದನ್ನು ಮರೆತರೆ ಗೊಂಬೆಯ ಕತ್ತಿಗೆ ಕರಿಯ ಪಟ್ಟಿ ಅಂಟಿಸಿದ ಹಾಗೆ ಕಾಣುತ್ತದೆ.

ಇನ್ನು ನೆರಿಗೆ. ಹರಡುವ ಮೊದಲು ಇಸ್ತ್ರಿ ಮಾಡಿರುವ ಬಟ್ಟೆಯಲ್ಲಿ ನೆರಿಗೆಯೇ ಇರುವುದಿಲ್ಲ, ಅದನ್ನು ಬೇರೆ ಎಲ್ಲಿಂದಲೋ ತರಬೇಕು. ನಾನು ಗೊಂಬೆಗೆ ಹಳೆಯ ಬಿಳಿ ಜುಬ್ಬಾ ಹಾಕಿ, ಸೊಂಟಕ್ಕೆ ನಿಜವಾದ ಚೇಲೆಯನ್ನೇ ಬಿಗಿದು, ಎಡಗಡೆ ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದೆ. ಆಷಾಢದ ಮೋಡದ ಬೆಳಕು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು, ನೆರಳು ಮೆತ್ತಗೆ ಬೀಳುತ್ತದೆ. ಆ ಫೋಟೋವನ್ನು ಕಪ್ಪುಬಿಳುಪು ಮಾಡಿ, ಸ್ವಲ್ಪ ಮಸುಕುಗೊಳಿಸಿ, `Displace` ಫಿಲ್ಟರಿಗೆ ನಕ್ಷೆಯಾಗಿ ಕೊಟ್ಟೆ. ನಕ್ಷೆಯಲ್ಲಿ ನಡುಬೂದು ಇರುವಲ್ಲಿ ಬಟ್ಟೆ ಅಲುಗುವುದಿಲ್ಲ, ಬೆಳಕು ಅಥವಾ ಕತ್ತಲು ಇರುವಲ್ಲಿ ಆಚೀಚೆ ಸರಿಯುತ್ತದೆ. 2000 ಪಿಕ್ಸೆಲ್ ಎತ್ತರದ ಚಿತ್ರಕ್ಕೆ 12 ಪಿಕ್ಸೆಲ್ ಸಾಕಾಯಿತು. ಮಸುಕು ಮಾಡದೆ ಕೊಟ್ಟಾಗ ಜುಬ್ಬಾದ ನೇಯ್ಗೆಯೂ ಲೆಕ್ಕಕ್ಕೆ ಬಂದು ಕುಪ್ಯದ ಅಂಚು ಹಲ್ಲುಹಲ್ಲಾಯಿತು.

ಸಾಮಾನ್ಯವಾಗಿ ಹೇಳಿಕೊಡುವುದು, ಅದೇ ನೆರಿಗೆಯ ಚಿತ್ರವನ್ನು `Multiply` ಮೋಡಿನಲ್ಲಿ ಮೇಲೆ ಹಾಸಿದರೆ ನೆರಳು ಬರುತ್ತದೆ ಎಂದು. ಮದುಮಗನ ಬಿಳಿ ಕುಪ್ಯಕ್ಕೆ ಅದು ಸರಿ. ಕರಿಯ ಕುಪ್ಯದಲ್ಲಿ ಏನೂ ಕಾಣುವುದಿಲ್ಲ, ಕಪ್ಪಿನ ಮೇಲೆ ಇನ್ನಷ್ಟು ಕಪ್ಪು ಸೇರಿದರೆ ಕಪ್ಪೇ. ಒಂದಿಡೀ ಸಂಜೆ ಇದಕ್ಕೇ ಹೋಯಿತು. ಕೊನೆಗೆ `Levels` ನಲ್ಲಿ ಕುಪ್ಯದ ಕಪ್ಪನ್ನು 255ರಲ್ಲಿ 45ರ ಆಸುಪಾಸಿಗೆ ಎತ್ತಿ, ನೆರಳಿಗೆ `Multiply`, ನೆರಿಗೆಯ ಏಣಿನ ಹೊಳಪಿಗೆ `Screen` ಎಂದು ಎರಡು ಲೇಯರ್ ಇಟ್ಟ ಮೇಲೆ ಬಟ್ಟೆ ಉಸಿರಾಡಿತು. ಈಗ ಟೈಲರಣ್ಣನಿಗೂ ಹೇಳಿದ್ದೇನೆ, ಫೋನಿನ ಪರದೆ ಮುಟ್ಟಿ ಬೆಳಕನ್ನು ಒಂದು ಹಂತ ಏರಿಸಿಯೇ ತೆಗೆಯಿರಿ ಎಂದು. ಬಿಳಿ ಹಿನ್ನೆಲೆ ಕಂಡ ಫೋನು ತಾನಾಗಿ ಬೆಳಕು ತಗ್ಗಿಸುತ್ತದೆ, ಕರಿಯ ಬಟ್ಟೆಯ ಹೊಲಿಗೆ ಮುಳುಗಿಹೋಗುತ್ತದೆ.

ಕೊನೆಯದಾಗಿ, ತೋಳಿನ ಅಂಚು ಒಳಗಿನ ಬಿಳಿ ಅಂಗಿಯ ಮೇಲೆ ಬೀಳಿಸುವ ನೆರಳು. ಮೂರು ನಿಮಿಷದ ಕೆಲಸ, ಆದರೆ ಅದಿಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ಸ್ಟಿಕ್ಕರಿನಂತೆ ಕಾಣುತ್ತದೆ. ಮೊದಲ ಕುಪ್ಯಕ್ಕೆ ಐದು ಗಂಟೆ ಹಿಡಿಯಿತು. ನೆರಿಗೆಯ ನಕ್ಷೆ, ಗೊಂಬೆ, ನೆರಳು ಎಲ್ಲ ಫೈಲಿನಲ್ಲೇ ಇರುವುದರಿಂದ ಈಗ ಮುಕ್ಕಾಲು ಗಂಟೆ.

ಇನ್ನು ಎಐ ಮಾದರಿ. ಒಂದು ಕಡೆ ಗೊಂಬೆಯ ಫೋಟೋ, ಇನ್ನೊಂದು ಕಡೆ ಬಟ್ಟೆಯ ಫೋಟೋ ಕೊಟ್ಟರೆ ಸಾಕು, ಒಂದು ನಿಮಿಷದೊಳಗೆ ಚಿತ್ರ ಬರುತ್ತದೆ. ಅಕ್ಕನ ಮಗಳ ಲ್ಯಾಪ್‌ಟಾಪಿನಲ್ಲಿ ಕೂತು ಮಾಡಿದೆವು. ಮೊದಲ ಸಲ ತಲೆಯಿಲ್ಲದ ಗೊಂಬೆಯನ್ನು ಕೊಟ್ಟಿದ್ದರಿಂದ ಕೈ ಎಲ್ಲಿ, ಭುಜ ಎಲ್ಲಿ ಎಂದು ಅದಕ್ಕೆ ತಿಳಿಯಲಿಲ್ಲ. ಇವು ಮೊದಲು ಮನುಷ್ಯನ ಮೈಯ ಗುರುತುಗಳನ್ನು ಹುಡುಕಿ, ಬಟ್ಟೆ ಬರಬೇಕಾದ ಜಾಗವನ್ನು ಮುಖವಾಡದಂತೆ ಮುಚ್ಚಿ, ಆ ಜಾಗವನ್ನು ಹೊಸದಾಗಿ ಬಿಡಿಸುತ್ತವೆ. ತಲೆಯಿರುವ ಗೊಂಬೆ ಕೊಟ್ಟಾಗ ಕೆಲಸ ನಡೆಯಿತು.

ಬಂದ ಚಿತ್ರ ನೋಡಿ ಇಬ್ಬರೂ ಸುಮ್ಮನೆ ಕೂತೆವು. ಬೆಳಕು, ಭುಜದ ಇಳಿಜಾರು, ಕಂಕುಳ ನೆರಿಗೆ ನನ್ನ ಐದು ಗಂಟೆಯ ಕೆಲಸಕ್ಕಿಂತ ಸಹಜವಾಗಿದ್ದವು. ಆದರೆ ಅದು ಕುಪ್ಯವಾಗಿರಲಿಲ್ಲ. ಸೊಂಟದ ಕೆಳಗೆ ಕತ್ತರಿಸಿತ್ತು, ತೋಳು ಮಣಿಕಟ್ಟಿನವರೆಗೆ ಬೆಳೆದಿತ್ತು, ಮುಂದೆ ಇಲ್ಲದ ಗುಂಡಿಗಳ ಸಾಲು ಬಂದಿತ್ತು. ಕಾರಣ ಹುಡುಕಿದರೆ ಸಿಗುತ್ತದೆ. ಇಂಥ ಮಾದರಿಗಳ ಕಲಿಕೆಗೆ ಹೆಚ್ಚಾಗಿ ಬಳಸುವ VITON-HD ಸಂಗ್ರಹದಲ್ಲಿರುವುದು 13,679 ಜೋಡಿ ಚಿತ್ರ, ಎಲ್ಲವೂ ಹೆಂಗಸರು, ಎಲ್ಲವೂ ಮೇಲಂಗಿ. ಮೊಣಕಾಲುದ್ದದ ಗಂಡಸರ ಅಂಗಿಯನ್ನು ಅದು ಕಂಡೇ ಇಲ್ಲ, ಕಂಡದ್ದರಲ್ಲಿ ಹತ್ತಿರದ್ದನ್ನು ಬಿಡಿಸುತ್ತದೆ. ತಾನಾಗಿ ಹಾಕಿಕೊಳ್ಳುವ ಮುಖವಾಡವೂ ಸೊಂಟಕ್ಕೇ ನಿಲ್ಲುತ್ತದೆ, ಕೈಗಳನ್ನು ಮಾತ್ರ ಪೂರ್ತಿ ಮುಚ್ಚುತ್ತದೆ. ಮುಚ್ಚಿದ ಕೈಯ ಮೇಲೆ ಅರ್ಧ ತೋಳೋ ಪೂರ್ತಿ ತೋಳೋ ಎಂಬುದು ಅದರ ಊಹೆ.

ಮುಖವಾಡವನ್ನು ನಾವೇ ಬ್ರಷ್ಷಿನಿಂದ ಮೊಣಕಾಲಿನವರೆಗೆ ಎಳೆದು, ಮೊಣಕೈ ಕೆಳಗಿನ ಬಿಳಿ ತೋಳನ್ನು ಹೊರಗಿಟ್ಟು ಮತ್ತೆ ಓಡಿಸಿದೆವು. ಉದ್ದ ಸರಿಯಾಯಿತು, ತೋಳೂ ಸರಿಯಾಯಿತು. ಕತ್ತಿನ ವಿ ಆಕಾರ ಮಾತ್ರ ಪ್ರತಿ ಸಲ ಬೇರೆ. ಬದಲಿಸಿದಾಗಲೆಲ್ಲ ಬೇರೆ ಚಿತ್ರ ಕೊಡುವ `Seed` ಸಂಖ್ಯೆಯನ್ನು ಬದಲಿಸಿ ಎಂಟು ಚಿತ್ರ ತೆಗೆದರೆ ಎರಡರಲ್ಲಿ ಮಾತ್ರ ಮುಂದಿನ ಪದರ ನಮ್ಮ ಕುಪ್ಯದಂತೆ ಒಂದರ ಮೇಲೊಂದು ಕೂತಿತ್ತು. ಚೇಲೆಯ ಜರಿಯಂತೂ ಎಂಟರಲ್ಲೂ ಕರಗಿ ಹಳದಿ ಚುಕ್ಕೆಗಳಾಗಿತ್ತು. ಇದು ಸೀಡಿನಿಂದ ಸರಿಹೋಗುವ ವಿಷಯವಲ್ಲ. ಚಿತ್ರ 768ಕ್ಕೆ 1024 ಪಿಕ್ಸೆಲ್. ಒಳಗೆ ಅದನ್ನು ಎಂಟು ಪಟ್ಟು ಕುಗ್ಗಿಸಿ 96ಕ್ಕೆ 128ರ ಚೌಕುಳಿಯಲ್ಲಿ ಕೆಲಸ ಮಾಡುತ್ತದೆ. ಚೇಲೆಯ ಒಂದು ಹೂವು ಅಲ್ಲಿ ಒಂದು ಮನೆಯಷ್ಟೂ ಇರುವುದಿಲ್ಲ.

ಇನ್ನೊಂದು ಸಂಗತಿಯನ್ನು ಅಂಗಡಿ ಇಟ್ಟವರು ಮೊದಲೇ ನೋಡಿಕೊಳ್ಳಬೇಕು. IDM-VTON, CatVTON ನಂಥ ಮುಕ್ತವಾಗಿ ಸಿಗುವ ಮಾದರಿಗಳ ಪರವಾನಗಿ CC BY-NC-SA 4.0. ಅಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಕಲಿಯಲು ಸರಿ, ಆ ಚಿತ್ರ ಇಟ್ಟು ಕುಪ್ಯ ಮಾರಲು ಬೇರೆ ಪರವಾನಗಿ ಇರುವ ಸೇವೆಗೆ ದುಡ್ಡು ಕೊಡಬೇಕು.

ಪ್ರಯೋಗದ ನಡುವೆ ಎರಡೂ ಬಗೆಯ ಚಿತ್ರಗಳನ್ನು ಟೈಲರಣ್ಣನಿಗೆ ಕಳಿಸಿದ್ದೆ. ಅವರು ಅರ್ಧ ಗಂಟೆಯಲ್ಲಿ ಫೋನ್ ಮಾಡಿ, "ಎರಡನೇದು ಚೆನ್ನಾಗಿದೆಯಮ್ಮಾ, ಆದರೆ ಅದನ್ನು ನಾನು ಹೊಲಿದಿಲ್ಲ" ಅಂದರು. ಯಾವುದು ಯಾವುದರಿಂದ ಮಾಡಿದ್ದು ಎಂದು ನಾನು ಹೇಳಿರಲಿಲ್ಲ. ಗಿರಾಕಿ ಆ ಚಿತ್ರ ತೋರಿಸಿ ಇಂಥದ್ದೇ ಬೇಕು ಅಂದರೆ ಹೊಲಿಯಬೇಕಾದವರು ಅವರೇ ತಾನೆ.

ಕುಪ್ಯಕ್ಕೆ ನಾನು ಕೈಕೆಲಸವನ್ನೇ ಉಳಿಸಿಕೊಂಡೆ. ಅದರಲ್ಲಿ ಬಟ್ಟೆ ಬಾಗುತ್ತದೆಯೇ ಹೊರತು ಇಲ್ಲದ್ದು ಹುಟ್ಟುವುದಿಲ್ಲ. ಅದರ ಮಿತಿಯೂ ಅಲ್ಲೇ: ಎದುರಿನ ನೋಟ ಬಿಟ್ಟು ಮುಕ್ಕಾಲು ಪಕ್ಕಕ್ಕೆ ತಿರುಗಿದ ಗೊಂಬೆ ಬೇಕೆಂದರೆ ಆಗುವುದಿಲ್ಲ, ಆ ಪಕ್ಕ ಫೋಟೋದಲ್ಲೇ ಇಲ್ಲ. ಅಂಗಡಿಯಲ್ಲಿರುವ ಸಾದಾ ಕುರ್ತಾ, ಟಾಪುಗಳಿಗೆ ವ್ಯಾಪಾರದ ಪರವಾನಗಿ ಇರುವ ಎಐ ಸೇವೆಯನ್ನು ತಿಂಗಳ ಲೆಕ್ಕದಲ್ಲಿ ತೆಗೆದುಕೊಂಡಿದ್ದೇನೆ, ಅಲ್ಲಿ ಅದು ತಪ್ಪುವುದು ಕಡಿಮೆ. ಕೊಡವ ಸೀರೆಯನ್ನು ಎರಡಕ್ಕೂ ಕೊಡುವುದಿಲ್ಲ. ನೆರಿಗೆ ಹಿಂದೆ ಬರುವ ಆ ಉಡುಗೆಗೆ ಮಡಚಿಟ್ಟ ಸೀರೆಯ ಫೋಟೋ ಯಾವ ಸುಳಿವನ್ನೂ ಕೊಡುವುದಿಲ್ಲ. ಅದಕ್ಕೆ ಗೊಂಬೆಗೇ ಉಡಿಸಿ ತೆಗೆಯುತ್ತೇನೆ.

ಈ ವಾರ ತುಲಾ ಸಂಕ್ರಮಣಕ್ಕೆಂದು ಬಂದ ಒಂಬತ್ತು ಕುಪ್ಯದ ಫೋಟೋಗಳು ಸಾಲಿನಲ್ಲಿವೆ. ಅದರಲ್ಲಿ ಒಂದು ಬಿಳಿಯದು, ಬಿಳಿ ಬಟ್ಟೆಯ ಮೇಲೇ ಹರಡಿ ತೆಗೆದದ್ದು. ಅಂಚು ಹಿನ್ನೆಲೆಯಲ್ಲಿ ಬೆರೆತುಹೋಗಿರುವುದರಿಂದ ಬಣ್ಣ ನೋಡಿ ಆಯ್ಕೆ ಮಾಡುವ ಉಪಕರಣ ಅಲ್ಲಿ ಕೆಲಸಕ್ಕೆ ಬರಲಿಲ್ಲ, `Paths` ಹಿಡಿದು ಹೊಲಿಗೆಯ ಗುಂಟ ಚುಕ್ಕಿ ಇಡುತ್ತಾ ಕೂತಿದ್ದೇನೆ. ಮುಂದಿನ ಬಿಳಿ ಕುಪ್ಯಕ್ಕೆ ಬೂದು ಕಂಬಳಿ ಹಾಸುತ್ತೇನೆ ಎಂದು ಟೈಲರಣ್ಣ ಒಪ್ಪಿದ್ದಾರೆ.